ನೋಟಿಸ್ ಪೂರ್ತಿ ಮಾಡದೆ ಕೆಲಸ ಬಿಡುತ್ತಿರುವವರ ಅಂತಿಮ ಲೆಕ್ಕ: ರಜೆಯ ಹಣ, ನೋಟಿಸ್ ಕಡಿತ, ಉಳಿದ ಮುಂಗಡ. ಯಾವ ದರ ಸರಿ?

ಮಿಲ್ ಲೆಕ್ಕಿಗಳು, ದಾವಣಗೆರೆ (19 ಜೂನ್ 2025)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಬಾಯ್ಲರ್ ಆಪರೇಟರ್ ಒಬ್ಬರು ಜೂನ್ 5ರಂದು ರಾಜೀನಾಮೆ ಕೊಟ್ಟಿದ್ದಾರೆ. ನಾಳೆ 20ನೇ ತಾರೀಖು ಅವರ ಕೊನೆಯ ದಿನ. ನೇಮಕಾತಿ ಪತ್ರದಲ್ಲಿ "ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ" ಎಂದಿದೆ. ಜೂನ್ 6ರಿಂದ ಎಣಿಸಿದರೆ ಅವರು ಹದಿನೈದು ದಿನ ನೋಟಿಸ್ ಮಾಡಿದಂತಾಗುತ್ತದೆ, ಹದಿನೈದು ದಿನ ಬಾಕಿ ಉಳಿಯುತ್ತದೆ.

ಅವರ ಸಂಬಳ ತಿಂಗಳಿಗೆ 24,000 ರೂಪಾಯಿ. ಅದರಲ್ಲಿ ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 5,000, ಇತರ ಭತ್ಯೆ 4,000. ಸೇವೆ ಇನ್ನೂ ನಾಲ್ಕು ವರ್ಷ ತುಂಬಿಲ್ಲ, ಆದ್ದರಿಂದ ಗ್ರಾಚ್ಯುಟಿಯ ಪ್ರಶ್ನೆ ಬರುವುದಿಲ್ಲ. ತಂಗಿಯ ಮದುವೆಗೆಂದು ಕಳೆದ ಡಿಸೆಂಬರಿನಲ್ಲಿ 40,000 ರೂಪಾಯಿ ಮುಂಗಡ ಪಡೆದಿದ್ದರು, ಜನವರಿಯಿಂದ ತಿಂಗಳಿಗೆ 4,000ದಂತೆ ಹಿಡಿಯುತ್ತಿದ್ದೇವೆ.

ಯಜಮಾನರು ಹೇಳಿದಂತೆ ನಾನು ಮಾಡಿದ ಲೆಕ್ಕ ಹೀಗಿದೆ. ಜೂನ್ ತಿಂಗಳ ಇಪ್ಪತ್ತು ದಿನದ ಸಂಬಳ 16,000, ಅದರಲ್ಲಿ ಪಿಎಫ್ 1,200 ಕಳೆದರೆ 14,800. ರಜೆ ಪುಸ್ತಕದಲ್ಲಿ ಹನ್ನೊಂದು ದಿನ ಉಳಿದಿದೆ, ಮೂಲ ವೇತನದ ಮೇಲೆ ದಿನಕ್ಕೆ 500ರಂತೆ 5,500. ಇದರಿಂದ ಕಳೆಯಬೇಕಾದದ್ದು ಹದಿನೈದು ದಿನದ ನೋಟಿಸ್ ಹಣ, ಪೂರ್ತಿ ಸಂಬಳದ ಮೇಲೆ ದಿನಕ್ಕೆ 800ರಂತೆ 12,000, ಮತ್ತು ಮುಂಗಡದ ಬಾಕಿ 24,000. ಕೊನೆಗೆ ಅವರೇ ಮಿಲ್ಲಿಗೆ 15,700 ಕೊಡಬೇಕು ಎಂದು ಬರುತ್ತದೆ. ಮೂರೂವರೆ ವರ್ಷ ರಾತ್ರಿ ಪಾಳಿ ಮಾಡಿದ ಮನುಷ್ಯನ ಕೈಗೆ ಈ ಹಾಳೆ ಕೊಡಲು ನನಗೆ ಮನಸ್ಸಾಗುತ್ತಿಲ್ಲ, ಆದರೆ ಕೆಳಗೆ ಸಹಿ ಹಾಕಬೇಕಾದವಳು ನಾನೇ. ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿದವರು ಹೇಳಬೇಕು.

ಹರಿಹರದ ಫಿಟ್ಟರ್

ಮೇಡಂ, ರಜೆಗೆ 500, ನೋಟಿಸಿಗೆ 800. ಕೊಡುವಾಗ ಒಂದು ಅಳತೆ, ವಸೂಲಿಗೆ ಇನ್ನೊಂದು ಅಳತೆ ಆಯಿತಲ್ಲ. ತಪ್ಪು ಅಲ್ಲೇ ಇದೆ.

ಆರ್ಟಿಕಲ್ ಹುಡುಗ, ಚಿತ್ರದುರ್ಗ

ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ತರಬೇತಿಯಲ್ಲಿದ್ದೇನೆ. ಇನ್ನೊಂದು ವಿಷಯ ಬಿಟ್ಟುಹೋಗಿದೆ ಎಂದು ನನ್ನ ಅನಿಸಿಕೆ. ನೋಟಿಸ್ ಹಣ ವಸೂಲಿ ಮಾಡಿದರೆ ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ ಸೇರಿಸಬೇಕು, ಏಕೆಂದರೆ ಬೇಗ ಬಿಡಲು ಒಪ್ಪಿದ್ದು ಒಂದು ಸೇವೆ ಎಂದು ಪರಿಗಣಿಸಲಾಗುತ್ತದೆ. ಹಾಗಾಗಿ 12,000ದ ಮೇಲೆ 2,160 ಹೆಚ್ಚುತ್ತದೆ. ರಜೆಯ ಹಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕಿರುವುದು ಸರಿಯಾಗಿಯೇ ಇದೆ, ನಾನು ನೋಡಿದ ಎಲ್ಲ ಕಂಪನಿಗಳಲ್ಲೂ ಅದೇ ಪದ್ಧತಿ.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ತಮ್ಮಾ, ಜಿಎಸ್‌ಟಿ ವಿಷಯವನ್ನು ದಯವಿಟ್ಟು ಇಲ್ಲಿಗೇ ಬಿಡಿ. ಮೊದಲು ಆ ಗೊಂದಲ ಇದ್ದದ್ದು ನಿಜ, ಆದರೆ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಕೇಂದ್ರ ಮಂಡಳಿಯೇ ನೋಟಿಸ್ ವಸೂಲಿಗೆ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟಪಡಿಸಿದೆ. ಆ 2,160 ಸೇರಿಸಿದರೆ ಮಿಲ್ಲಿನವರು ಬಾರದ ತೆರಿಗೆಯನ್ನು ಕಾರ್ಮಿಕನಿಂದ ಕಿತ್ತುಕೊಂಡಂತಾಗುತ್ತದೆ.

ಈಗ ಮೇಡಂ ಅವರ ಪ್ರಶ್ನೆಗೆ ಬರುತ್ತೇನೆ. ರೈಸ್ ಮಿಲ್ ಎಂದರೆ ಕಾರ್ಖಾನೆ, ಬಾಯ್ಲರ್ ಆಪರೇಟರ್ ಎಂದರೆ ಕಾರ್ಮಿಕ, ಆದ್ದರಿಂದ ಅವರ ರಜೆ ನಿಮ್ಮ ನೇಮಕಾತಿ ಪತ್ರದಿಂದಲ್ಲ, ಕಾರ್ಖಾನೆ ಕಾಯ್ದೆಯಿಂದ ನಡೆಯುತ್ತದೆ. ಆ ಕಾಯ್ದೆಯ 80ನೇ ಕಲಮು ರಜೆಯ ದಿನಗಳಿಗೆ ಕೊಡಬೇಕಾದದ್ದು ಪೂರ್ಣ ಗಳಿಕೆಯ ದಿನದ ಸರಾಸರಿ ಎನ್ನುತ್ತದೆ. ಓವರ್‌ಟೈಮ್ ಮತ್ತು ಬೋನಸ್ ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸೇರುತ್ತದೆ. ಮೂಲ ವೇತನ ಮಾತ್ರ ಎಂಬುದು ಕಚೇರಿಗಳಲ್ಲಿ ಬೆಳೆದುಬಂದ ರೂಢಿ, ಕಾರ್ಮಿಕರ ವಿಷಯದಲ್ಲಿ ಆ ರೂಢಿಗೆ ಆಧಾರವಿಲ್ಲ.

ಎರಡನೆಯದಾಗಿ, ಆ ಹನ್ನೊಂದು ದಿನದಲ್ಲಿ ಈ ವರ್ಷದ ರಜೆ ಸೇರಿದೆಯೇ? ದಯವಿಟ್ಟು ಪುಸ್ತಕ ತೆಗೆದು ನೋಡಿ ಹೇಳಿ.

ಮಿಲ್ ಲೆಕ್ಕಿಗಳು, ದಾವಣಗೆರೆ

ಸರ್, ಈಗಷ್ಟೇ ನೋಡಿದೆ. ಹನ್ನೊಂದು ದಿನ ಎಂಬುದು ಕಳೆದ ವರ್ಷದ ಕೆಲಸಕ್ಕೆ ಬಂದ ರಜೆಯ ಉಳಿಕೆ ಮಾತ್ರ. ಈ ವರ್ಷದ್ದನ್ನು ನಾವು ಮುಂದಿನ ಜನವರಿಯಲ್ಲಿ ಬರೆದುಕೊಳ್ಳುತ್ತೇವೆ. ಅವರು 240 ದಿನ ಪೂರೈಸಿಲ್ಲವಾದ್ದರಿಂದ ಈ ವರ್ಷ ಏನೂ ಬರುವುದಿಲ್ಲ ಎಂದು ಯಜಮಾನರು ಹೇಳಿದರು.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ಆ 240 ದಿನದ ಷರತ್ತು ಕೆಲಸದಲ್ಲಿ ಮುಂದುವರಿಯುವವರಿಗೆ. ಕೆಲಸ ಬಿಟ್ಟು ಹೋಗುವವರಿಗೆ 79ನೇ ಕಲಮಿನ ಮೂರನೇ ಉಪಕಲಮು ಬೇರೆ ದಾರಿ ಮಾಡಿಕೊಟ್ಟಿದೆ: 240 ದಿನ ತುಂಬದಿದ್ದರೂ ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದಂತೆ ರಜೆಯ ವೇತನ ಕೊಡಬೇಕು, ಅದನ್ನೂ ಕೆಲಸ ಬಿಟ್ಟ ನಂತರದ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. 20ನೇ ತಾರೀಖು ಶುಕ್ರವಾರ, ಶನಿವಾರ ನಿಮ್ಮಲ್ಲಿ ಕೆಲಸ ಇರುತ್ತದೆ ಎಂದುಕೊಂಡರೆ ಸೋಮವಾರ 23ಕ್ಕೆ ಗಡುವು ಮುಗಿಯುತ್ತದೆ. "ಮುಂದಿನ ತಿಂಗಳ ಸಂಬಳದ ಜೊತೆ ನೋಡೋಣ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಹಾಜರಿ ಪುಸ್ತಕದಿಂದ ಜನವರಿ 1ರಿಂದ ನಾಳೆಯವರೆಗೆ ಅವರು ದುಡಿದ ದಿನಗಳನ್ನು ಎಣಿಸಿ.

ಚಳ್ಳಕೆರೆಯ ಓದುಗ

ನನ್ನದೂ ಇಂಥದ್ದೇ ಸಮಸ್ಯೆ, ಪಿಎಫ್ ಹಣ ಬರುತ್ತಿಲ್ಲ. ಹಿಂದಿನ ಎಣ್ಣೆ ಮಿಲ್ಲಿನವರು ನಾನು ಬಿಟ್ಟ ದಿನಾಂಕವನ್ನೇ ಹಾಕಿಲ್ಲ. ಅಂತಿಮ ಲೆಕ್ಕ ಆಗದಿದ್ದರೆ ಪಿಎಫ್ ತಡೆಹಿಡಿಯಬಹುದೇ?

ಹೊಳಲ್ಕೆರೆ ಅಕ್ಕ

ಅಣ್ಣಾ, ಇಲ್ಲಿ ಕೇಳಿರುವ ಪ್ರಶ್ನೆ ಬೇರೆ, ಆದರೂ ಹೇಳುತ್ತೇನೆ. ಮಾಲೀಕರ ಬಾಕಿಗೂ ನಿಮ್ಮ ಪಿಎಫ್ ಹಣಕ್ಕೂ ಸಂಬಂಧವಿಲ್ಲ, ಅದನ್ನು ಯಾರೂ ತಡೆಹಿಡಿಯುವಂತಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪೋರ್ಟಲಿನಲ್ಲಿ ನೀವೇ ಬಿಟ್ಟ ದಿನಾಂಕವನ್ನು ನಮೂದಿಸಬಹುದು. ನಾನು ಹಾಗೆಯೇ ಮಾಡಿದೆ.

ಮಿಲ್ ಲೆಕ್ಕಿಗಳು, ದಾವಣಗೆರೆ (20 ಜೂನ್)

ಎಣಿಸಿದೆ ಸರ್. ಜನವರಿ 1ರಿಂದ ಇಂದಿನವರೆಗೆ 171 ದಿನ, ಅದರಲ್ಲಿ ಇಪ್ಪತ್ನಾಲ್ಕು ಭಾನುವಾರ, ಹಬ್ಬ ಮತ್ತು ಗೈರುಹಾಜರಿ ಸೇರಿ ಏಳು ದಿನ. ಉಳಿದದ್ದು ಸರಿಯಾಗಿ 140 ದಿನ, ಅಂದರೆ ಈ ವರ್ಷಕ್ಕೆ ಏಳು ದಿನದ ರಜೆ. ಹಳೆಯ ಹನ್ನೊಂದು ಸೇರಿದರೆ ಹದಿನೆಂಟು.

ಪುಸ್ತಕ ಹುಡುಕುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮುಂಗಡದ ಖಾತೆಯಲ್ಲಿ ಜನವರಿ, ಫೆಬ್ರವರಿ, ಏಪ್ರಿಲ್, ಮೇ ಎಂದು ನಾಲ್ಕು ಕಂತು ಮಾತ್ರ ಜಮೆಯಾಗಿದೆ. ಮಾರ್ಚಿಗೆ ಜಾಗ ಖಾಲಿ. ಆದರೆ ಮಾರ್ಚ್ ತಿಂಗಳ ಸಂಬಳದ ಚೀಟಿಯಲ್ಲಿ "ಮುಂಗಡ 4,000" ಎಂದು ಕಡಿತ ಸ್ಪಷ್ಟವಾಗಿ ಅಚ್ಚಾಗಿದೆ, ಬ್ಯಾಂಕಿಗೆ ಹೋದ ಮೊತ್ತವೂ ಅಷ್ಟೇ ಕಡಿಮೆ ಇದೆ. ವರ್ಷಾಂತ್ಯದ ಗಡಿಬಿಡಿಯಲ್ಲಿ ಖಾತೆಗೆ ಏರಿಸಲು ನಾನೇ ಮರೆತಿದ್ದೇನೆ. ಬಾಕಿ 24,000 ಅಲ್ಲ, 20,000. ನಿನ್ನೆಯೇ ಸಹಿ ಮಾಡಿದ್ದರೆ ಅವರಿಂದ ಒಂದೇ ಕಂತನ್ನು ಎರಡು ಸಲ ತೆಗೆದುಕೊಂಡಂತಾಗುತ್ತಿತ್ತು. ಇದು ನನಗೆ ತುಂಬ ನೋವಾದ ಸಂಗತಿ.

ಹೊಳಲ್ಕೆರೆ ಅಕ್ಕ

ಸಕಾಲಕ್ಕೆ ಸಿಕ್ಕಿತಲ್ಲ, ಒಳ್ಳೆಯದಾಯಿತು. ಮುಂಗಡದ ಬಾಕಿಯನ್ನು ಖಾತೆ ಪುಸ್ತಕದಿಂದ ತೆಗೆದುಕೊಳ್ಳದೆ, ಮುಂಗಡ ಕೊಟ್ಟ ತಿಂಗಳಿನಿಂದ ಪ್ರತಿ ಸಂಬಳದ ಚೀಟಿಯನ್ನೂ ಮುಂದಿಟ್ಟುಕೊಂಡು ಟಿಕ್ ಹಾಕುತ್ತ ಬರುವುದು ನನ್ನ ಅಭ್ಯಾಸ. ಕೆಲಸಗಾರನ ಕೈಯಲ್ಲಿರುವುದು ಚೀಟಿ, ಅವನು ತೋರಿಸುವುದೂ ಅದನ್ನೇ.

ಹರಿಹರದ ಫಿಟ್ಟರ್

ಹದಿನೆಂಟು ದಿನ ರಜೆ ಇದೆಯಲ್ಲ, ಬಾಕಿ ಇರುವ ಹದಿನೈದು ದಿನದ ನೋಟಿಸನ್ನು ಅದರಲ್ಲೇ ಹೊಂದಿಸಿ ಮೂರು ದಿನಕ್ಕೆ ಹಣ ಕೊಟ್ಟರೆ ಮುಗಿಯಿತು. ಇಷ್ಟೊಂದು ಲೆಕ್ಕ ಏಕೆ ಬೇಕು?

ಆರ್ಟಿಕಲ್ ಹುಡುಗ, ಚಿತ್ರದುರ್ಗ

ಹಾಗೆ ಹೊಂದಿಸಲು ಬರುವುದಿಲ್ಲ. ಉಳಿದ ರಜೆಯನ್ನು ನೋಟಿಸ್ ಅವಧಿಯ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಕಾರ್ಖಾನೆ ಕಾಯ್ದೆಯಲ್ಲಿಯೇ ಇದೆ. ಈ ಬಾರಿ ಕಾಯ್ದೆ ತೆರೆದು ನೋಡಿಯೇ ಹೇಳುತ್ತಿದ್ದೇನೆ.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ನೀವು ಹೇಳುವ ಸಾಲು ಇರುವುದು ನಿಜ, ಆದರೆ ಅದು ಮಾಲೀಕ ಕೆಲಸದಿಂದ ತೆಗೆಯುವಾಗ ಕೊಡಬೇಕಾದ ನೋಟಿಸಿನ ಬಗ್ಗೆ. ಕಾರ್ಮಿಕನೇ ರಾಜೀನಾಮೆ ಕೊಟ್ಟಾಗ ಇಬ್ಬರೂ ಒಪ್ಪಿ ರಜೆಯಲ್ಲಿ ಹೊಂದಿಸಿಕೊಳ್ಳಲು ಅದು ಅಡ್ಡಿಯಾಗದು.

ಫಿಟ್ಟರ್ ಅವರ ಸಲಹೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಮೇಡಂ ಗಮನಿಸಬೇಕು. ನೋಟಿಸಿನ ಹದಿನೈದು ದಿನಗಳು ಕ್ಯಾಲೆಂಡರ್ ದಿನಗಳು, ಅಂದರೆ ಅವುಗಳಲ್ಲಿ ಭಾನುವಾರವೂ ಸೇರಿದೆ. ಆದ್ದರಿಂದ ಅಲ್ಲಿ 24,000ವನ್ನು 30ರಿಂದ ಭಾಗಿಸಿ 800 ಎನ್ನುವುದು ಸರಿ. ಆದರೆ ರಜೆಯ ದಿನಗಳಲ್ಲಿ ಭಾನುವಾರ ಸೇರುವುದಿಲ್ಲ, ಹದಿನೆಂಟು ದಿನ ರಜೆ ಎಂದರೆ ಹದಿನೆಂಟು ಕೆಲಸದ ದಿನಗಳು. ಕೆಲಸದ ದಿನದ ಗಳಿಕೆ ತಿಳಿಯಬೇಕಾದರೆ 26ರಿಂದ ಭಾಗಿಸಬೇಕು, ಆಗ ದಿನಕ್ಕೆ 923 ರೂಪಾಯಿ ಬರುತ್ತದೆ. ಹದಿನೈದಕ್ಕೆ ಹದಿನೈದು ಎಂದು ಹೊಂದಿಸಿಬಿಟ್ಟರೆ ಕಾರ್ಮಿಕ ದೊಡ್ಡ ದಿನವನ್ನು ಕೊಟ್ಟು ಸಣ್ಣ ದಿನವನ್ನು ತೀರಿಸಿದ ಹಾಗಾಗುತ್ತದೆ.

ಹೀಗೆ ನೋಡಿದರೆ ರಜೆಯ ಹಣ 16,615. ನಿಮ್ಮ 14,800ಕ್ಕೆ ಇದನ್ನು ಸೇರಿಸಿ 12,000 ಮತ್ತು 20,000 ಕಳೆದರೆ ಅವರು ಕೊಡಬೇಕಾದದ್ದು 585 ರೂಪಾಯಿ ಮಾತ್ರ. ನಿಮ್ಮ ಮೊದಲ ಹಾಳೆಯಲ್ಲಿ ಇದ್ದದ್ದು 15,700.

ಬೆಂಕಿನಗರದ ಗುತ್ತಿಗೆದಾರ

26ರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗ್ರಾಚ್ಯುಟಿಗೆ 26 ಎಂದು ಕಾಯ್ದೆಯಲ್ಲೇ ಬರೆದಿದೆ, ರಜೆಗೆ ಹಾಗೆ ಬರೆದಿಲ್ಲ. ನಾವು ತಿಂಗಳ ಸಂಬಳ ಕೊಡುವಾಗ ಭಾನುವಾರಕ್ಕೂ ಕೊಡುತ್ತೇವೆ, ಒಂದು ದಿನ ಗೈರಾದರೆ 30ರಲ್ಲಿ ಒಂದು ಭಾಗ ಮಾತ್ರ ಹಿಡಿಯುತ್ತೇವೆ. ವರ್ಷವಿಡೀ 30ರಿಂದ ಭಾಗಿಸಿ ಕೊನೆಯ ದಿನ ಮಾತ್ರ 26 ಎನ್ನುವುದು ಯಾವ ನ್ಯಾಯ? ನಾನು ಮೂವತ್ತು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವನು, ನಮಗೂ ಕಷ್ಟವಿದೆ. ಬಾಯ್ಲರ್ ನೋಡಿಕೊಳ್ಳಲು ಅನುಭವಿ ಆಪರೇಟರ್ ಹದಿನೈದು ದಿನದಲ್ಲಿ ಸಿಗುವುದಿಲ್ಲ.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ನಿಮ್ಮ ಮಾತಿನಲ್ಲಿ ತೂಕವಿದೆ. ಕಲಮಿನಲ್ಲಿ 26 ಎಂಬ ಅಂಕಿ ಇಲ್ಲ, "ದುಡಿದ ದಿನಗಳ ಗಳಿಕೆಯ ಸರಾಸರಿ" ಎಂದಿದೆ. ಆ ಮಾತಿನಿಂದ ನಾನು 26ಕ್ಕೆ ಬರುತ್ತೇನೆ, ನೀವು ತಿಂಗಳ ಸಂಬಳದ ಪದ್ಧತಿಯಿಂದ 30ಕ್ಕೆ ಬರುತ್ತೀರಿ. ಆದರೆ ಗೈರುಹಾಜರಿಗೂ ನೋಟಿಸಿಗೂ 30 ಹಿಡಿದವರು ರಜೆಗೂ ಪೂರ್ತಿ 24,000ವನ್ನೇ ಹಿಡಿಯಬೇಕು. 15,000ಕ್ಕೆ ಇಳಿಯುವುದನ್ನು ಮಾತ್ರ ನಾನು ಒಪ್ಪಲಾರೆ.

ಚಿತ್ರದುರ್ಗ ಕೋಟೆ ಕೆಳಗಿನವರು

ನನ್ನ ಅನುಭವ ಹೇಳುತ್ತೇನೆ. ನಾನು ಚಿತ್ರದುರ್ಗದ ಒಂದು ಘಟಕದಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಒಂದು ತಿಂಗಳ ನೋಟಿಸ್ ಕೊಟ್ಟು, ಅಷ್ಟೂ ದಿನ ಕೆಲಸ ಮಾಡುತ್ತೇನೆಂದು ಬರೆದುಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ಬೀಗದ ಕೈ ಗೊಂಚಲು ತೆಗೆದುಕೊಂಡು, ನಾಳೆಯಿಂದ ಬರುವುದು ಬೇಡ ಎಂದರು. ಅಂತಿಮ ಲೆಕ್ಕದಲ್ಲಿ ಮಾತ್ರ ಇಪ್ಪತ್ತೊಂಬತ್ತು ದಿನದ ನೋಟಿಸ್ ಹಣ ಹಿಡಿದಿದ್ದರು. ನನ್ನ ಬಳಿ ಉಳಿದಿದ್ದದ್ದು ಅವರು ವಾಟ್ಸಾಪಿನಲ್ಲಿ ಕಳಿಸಿದ "ನಾಳೆಯಿಂದ ಬರಬೇಡಿ" ಎಂಬ ಒಂದು ಸಾಲು. ಅದನ್ನೇ ಹಿಡಿದು ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟೆ, ಎರಡು ಸಲ ಕರೆದು ಮಾತನಾಡಿಸಿದ ಮೇಲೆ ಅಷ್ಟೂ ಹಣ ವಾಪಸು ಬಂತು.

ಆದ್ದರಿಂದ ಮೇಡಂ ಅವರನ್ನು ಕೇಳುತ್ತೇನೆ: 20ಕ್ಕೆ ಬಿಡುತ್ತೇನೆ ಎಂದವರು ಆಪರೇಟರ್ ಅವರೋ, ಅಥವಾ ಮಿಲ್ಲಿನವರೋ?

ಮಿಲ್ ಲೆಕ್ಕಿಗಳು, ದಾವಣಗೆರೆ

ಅವರೇ ಕೇಳಿದ್ದು ಸರ್. ಆದರೆ ಯಜಮಾನರು ಉತ್ತರದಲ್ಲಿ "ನಿಮ್ಮ ಕೋರಿಕೆಯಂತೆ ಜೂನ್ 20ರಂದು ಬಿಡುಗಡೆ ಮಾಡಲಾಗುವುದು" ಎಂದು ಮಾತ್ರ ಬರೆದಿದ್ದಾರೆ. ನೋಟಿಸ್ ಹಣ ಹಿಡಿಯುವ ವಿಷಯ ಅದರಲ್ಲಿ ಇಲ್ಲ.

ಚಿತ್ರದುರ್ಗ ಕೋಟೆ ಕೆಳಗಿನವರು

ಷರತ್ತಿಲ್ಲದೆ ಒಪ್ಪಿದ ಮೇಲೆ ನೋಟಿಸ್ ಮನ್ನಾ ಆದಂತೆಯೇ ಅಲ್ಲವೇ? ನನಗಂತೂ ಹಾಗೆಯೇ ಅನಿಸುತ್ತದೆ.

ಬೆಂಕಿನಗರದ ಗುತ್ತಿಗೆದಾರ

ಬೇಗ ಬಿಡಲು ಒಪ್ಪಿದ್ದೇ ಉಪಕಾರ, ಹಣವನ್ನೂ ಬಿಟ್ಟಿದ್ದೇವೆ ಎಂದು ಅದರಿಂದ ಅರ್ಥ ಮಾಡಬಾರದು. ನೇಮಕಾತಿ ಪತ್ರದಲ್ಲಿ "ಅಥವಾ ಸಂಬಳ" ಎಂದು ಇದ್ದೇ ಇದೆ.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ಇದರಲ್ಲಿ ಇಬ್ಬರೂ ವಾದ ಮಾಡಬಹುದು. ಬಿಡುಗಡೆಯ ಪತ್ರದಲ್ಲಿಯೇ "ಬಾಕಿ ಹದಿನೈದು ದಿನದ ನೋಟಿಸ್ ಹಣ ಹಿಡಿಯುವ ಷರತ್ತಿಗೆ ಒಳಪಟ್ಟು" ಎಂಬ ಒಂದು ಸಾಲು ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ವೇತನ ಪಾವತಿ ಕಾಯ್ದೆಯಲ್ಲಿ ನೋಟಿಸಿಗೆ ಬದಲಾಗಿ ವೇತನ ಹಿಡಿಯುವ ಮಾತು ಬರುವುದು ಒಂದೇ ಕಡೆ: ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸಿಲ್ಲದೆ ಕೆಲಸಕ್ಕೆ ಬಾರದಿದ್ದಾಗ, ಅದೂ ಎಂಟು ದಿನಕ್ಕೆ ಮೀರದಂತೆ. ಒಬ್ಬನೇ ರಾಜೀನಾಮೆ ಕೊಟ್ಟಾಗ ನಿಮ್ಮ ಹಕ್ಕು ಪೂರ್ತಿಯಾಗಿ ಒಪ್ಪಂದದ ಮೇಲೆ ನಿಂತಿದೆ. ಹಾಗಾಗಿ ಪತ್ರದ ಪ್ರತಿ ಪದಕ್ಕೂ ಬೆಲೆ ಇದೆ.

ಇದಕ್ಕಿಂತ ದೊಡ್ಡ ಅಡಚಣೆ ಇನ್ನೊಂದಿದೆ, ಅದನ್ನು ಯಾರೂ ಎತ್ತಲಿಲ್ಲ. ತಿಂಗಳಿಗೆ 24,000ದವರೆಗಿನ ಸಂಬಳದವರು ಆ ಕಾಯ್ದೆಯೊಳಗೆ ಬರುತ್ತಾರೆ, ನಿಮ್ಮ ಆಪರೇಟರ್ ಸರಿಯಾಗಿ ಅಂಚಿನಲ್ಲಿ ಒಳಗಿದ್ದಾರೆ. ಒಂದು ವೇತನ ಅವಧಿಯಲ್ಲಿ ಒಟ್ಟು ಕಡಿತ ವೇತನದ ಅರ್ಧಕ್ಕಿಂತ ಹೆಚ್ಚಾಗುವಂತಿಲ್ಲ. ರಜೆಯ ವೇತನವನ್ನೂ ವೇತನವೆಂದೇ ಸೇರಿಸಿ ನೋಡಿದರೂ ನಿಮ್ಮ ಹಾಳೆಯಲ್ಲಿ ಬರುವುದು ಸುಮಾರು 32,600, ಕಡಿತ 33,200. ಬಂದದ್ದನ್ನೆಲ್ಲ ಹಿಡಿದು ಮೇಲೆ ಕೇಳುತ್ತಿದ್ದೀರಿ. ಕಾರ್ಮಿಕ ಒಪ್ಪಿಗೆ ಬರೆದುಕೊಟ್ಟರೂ ಆ ಮಿತಿ ದಾಟುವಂತಿಲ್ಲ, ಅವರು ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಿದರೆ ನೀವು ಉತ್ತರ ಕೊಡಬೇಕಾಗುತ್ತದೆ.

ಬೆಂಕಿನಗರದ ಗುತ್ತಿಗೆದಾರ

ಹಾಗಾದರೆ ಕೊಟ್ಟ ಮುಂಗಡ ನೀರಿಗೆ ಹೋಯಿತೇ? ಅರ್ಧ ಕೈಗೆ ಕೊಟ್ಟು ಕಳಿಸಿದರೆ ಆಮೇಲೆ ಯಾರನ್ನು ಹುಡುಕುವುದು?

ಹೊಳಲ್ಕೆರೆ ಅಕ್ಕ

ನೀರಿಗೆ ಹೋಗುವುದಿಲ್ಲ. ನಮ್ಮಲ್ಲಿ ಮಾಡುವ ಕ್ರಮ ಹೇಳುತ್ತೇನೆ. ಹಾಳೆಯಲ್ಲಿ ಅರ್ಧದೊಳಗೆ ಬರುವಷ್ಟೇ ಕಡಿತ ತೋರಿಸಿ, ಉಳಿದ ವೇತನವನ್ನು ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಮುಂಗಡದ ಉಳಿದ ಬಾಕಿಯನ್ನು ಅವರು ತಮ್ಮ ಖಾತೆಯಿಂದ ನಮ್ಮ ಖಾತೆಗೆ ತಾವೇ ಹಿಂದಿರುಗಿಸುತ್ತಾರೆ, ನಾವು ಅದಕ್ಕೆ ಪ್ರತ್ಯೇಕ ರಸೀದಿ ಕೊಡುತ್ತೇವೆ. ಒಮ್ಮೆಗೇ ಆಗದವರಿಗೆ ಎರಡು ಕಂತಿನ ಪತ್ರ ಬರೆಸಿಕೊಳ್ಳುತ್ತೇವೆ. ಲೆಕ್ಕ ಸ್ಪಷ್ಟವಾಗಿ ತೋರಿಸಿದರೆ ಜನ ಕೊಡುತ್ತಾರೆ. ಕೊಡದೆ ಹೋದವರು ನನ್ನ ಹತ್ತು ವರ್ಷದಲ್ಲಿ ಇಬ್ಬರು.

ಮತ್ತೆ ಮೇಡಂ, ಬೋನಸ್ ಎಲ್ಲಿ? ಮೂಲ ವೇತನ 21,000ದೊಳಗಿದೆ, 2024–25 ಪೂರ್ತಿ ದುಡಿದಿದ್ದಾರೆ. ಕೆಲಸ ಬಿಟ್ಟ ಮಾತ್ರಕ್ಕೆ ಆ ವರ್ಷದ ಬೋನಸ್ ಹೋಗುವುದಿಲ್ಲ. 7,000ದ ಮೇಲೆ ಶೇ. 8.33ರಂತೆ ಹಿಡಿದರೂ 6,997 ಬರುತ್ತದೆ, ಅವರ ಕೆಲಸಕ್ಕೆ ನಿಗದಿಯಾದ ಕನಿಷ್ಠ ವೇತನ 7,000ಕ್ಕಿಂತ ಹೆಚ್ಚಿದ್ದರೆ ಇನ್ನೂ ಹೆಚ್ಚು. ಕೊಡಲು ನವೆಂಬರ್ 30ರವರೆಗೆ ಸಮಯವಿದೆ, ಆದರೆ ಹಾಳೆಯಲ್ಲಿ "ಬೋನಸ್ ನಂತರ ಪಾವತಿ" ಎಂದು ಬರೆಯಲೇಬೇಕು. ಇಲ್ಲದಿದ್ದರೆ "ಎಲ್ಲ ಬಾಕಿ ತೀರಿದೆ" ಎಂಬ ಕೊನೆಯ ಸಾಲಿಗೆ ಸಹಿ ಮಾಡಿದವರು ಅದನ್ನು ಮರೆತೇಬಿಡುತ್ತಾರೆ.

ಆರ್ಟಿಕಲ್ ಹುಡುಗ, ಚಿತ್ರದುರ್ಗ

ರಜೆಯ ಹಣದ ಮೇಲೂ ಪಿಎಫ್ ಹಿಡಿಯಬೇಕಲ್ಲವೇ?

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ಬೇಡ. ನಮ್ಮ ಮಣಿಪಾಲದ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿಯೇ 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೀರ್ಮಾನಿಸಿದೆ, ರಜೆ ನಗದೀಕರಣ ಪಿಎಫ್ ಲೆಕ್ಕದ ಮೂಲ ವೇತನದಲ್ಲಿ ಸೇರುವುದಿಲ್ಲ. ಮೇಡಂ 1,200 ಮಾತ್ರ ಹಿಡಿದಿರುವುದು ಸರಿಯಾಗಿದೆ.

ಮಿಲ್ ಲೆಕ್ಕಿಗಳು, ದಾವಣಗೆರೆ (23 ಜೂನ್)

ಇಂದು ಸಂಜೆ ಲೆಕ್ಕ ಮುಗಿಯಿತು, ಎಲ್ಲರಿಗೂ ತಿಳಿಸಬೇಕೆನಿಸಿತು. ಮಾರ್ಚ್ ಚೀಟಿಯನ್ನು ಮುಂದಿಟ್ಟಾಗ ಯಜಮಾನರು ಒಂದು ಮಾತೂ ಆಡದೆ 20,000 ಎಂದು ತಿದ್ದಿದರು. ಹದಿನೆಂಟು ದಿನದ ರಜೆಗೆ ಪೂರ್ತಿ ಸಂಬಳದ ದರವನ್ನೂ ಒಪ್ಪಿದರು. 26ಕ್ಕೆ ಮಾತ್ರ ಒಪ್ಪಲಿಲ್ಲ, ಎರಡೂ ಕಡೆ 30 ಎಂದರು, ಆದ್ದರಿಂದ ರಜೆಯ ಹಣ 14,400 ಆಯಿತು. ನೋಟಿಸ್ ಹಣ ಬಿಡಲೂ ಒಪ್ಪಲಿಲ್ಲ.

ಸಂಬಳ, ರಜೆ ಸೇರಿ 30,400. ಅದರ ಅರ್ಧ 15,200. ಪಿಎಫ್ 1,200, ನೋಟಿಸ್ 12,000, ಮುಂಗಡದಲ್ಲಿ 2,000 ಹಿಡಿದು ಉಳಿದ 15,200ವನ್ನು ಅವರ ಖಾತೆಗೆ ಹಾಕಿದೆವು. ಅವರು ಕಚೇರಿಯಲ್ಲೇ ಕುಳಿತು, ಮೊಬೈಲಿನಲ್ಲಿ ಹಣ ಬಂದ ಸಂದೇಶವನ್ನು ಎರಡು ಸಲ ಓದಿ, ಅಷ್ಟನ್ನೂ ಮುಂಗಡಕ್ಕೆಂದು ಮರಳಿ ಕಳಿಸಿದರು. 2,800 ಬಾಕಿ ಉಳಿದಿದೆ, ಬೋನಸ್ ಬಂದ ಮೇಲೆ ಕೊಡುತ್ತೇನೆಂದು ಬರೆದುಕೊಟ್ಟಿದ್ದಾರೆ. ಬೋನಸ್ ಸಾಲನ್ನು ಹಾಳೆಯಲ್ಲಿ ಸೇರಿಸಿದ್ದೇನೆ. ಅನುಭವ ಪತ್ರವನ್ನೂ ಇಂದೇ ಕೊಟ್ಟೆವು.

ಹಳೆಯ ಸಿಬ್ಬಂದಿ ಅಧಿಕಾರಿ, ದಾವಣಗೆರೆ

ಚೆನ್ನಾಗಿ ನಿಭಾಯಿಸಿದ್ದೀರಿ ಮೇಡಂ. 26ರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. 2,215 ರೂಪಾಯಿ ಅವರಿಗೆ ಕಡಿಮೆ ಬಂದಿದೆ ಎಂದೇ ನಾನು ಹೇಳುತ್ತೇನೆ.

ಬೆಂಕಿನಗರದ ಗುತ್ತಿಗೆದಾರ

ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಆದರೆ ಈ ವಾರ ನನ್ನ ಮುಂಗಡದ ಖಾತೆಯನ್ನು ಸಂಬಳದ ಚೀಟಿಗಳ ಜೊತೆ ಹೋಲಿಸಿ ನೋಡುತ್ತಿದ್ದೇನೆ.

ಹೊಳಲ್ಕೆರೆ ಅಕ್ಕ (4 ಡಿಸೆಂಬರ್ 2025)

ಹಳೆಯ ಚರ್ಚೆಯನ್ನು ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಹಿಂದೆ ವೇತನ ಪಾವತಿ ಕಾಯ್ದೆಯಲ್ಲಿ ಎರಡು ದಿನದ ಗಡುವು ಮಾಲೀಕ ಕೆಲಸದಿಂದ ತೆಗೆದಾಗ ಮಾತ್ರ ಇತ್ತು, ಈಗ ರಾಜೀನಾಮೆ ಕೊಟ್ಟವರ ಹೆಸರೂ ಅಲ್ಲಿ ಸೇರಿದೆ: ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು. ಕಡಿತಕ್ಕೆ ಅರ್ಧದ ಮಿತಿ ಹಾಗೆಯೇ ಇದೆ. ಜೂನಿನ ಅಂಕಿಗಳನ್ನು ನೋಡಿ ಈಗ ಲೆಕ್ಕ ಮಾಡುವವರು ವೇತನ ಎಂಬ ಪದದ ಹೊಸ ವ್ಯಾಖ್ಯೆಯನ್ನು ಮೊದಲು ಓದಿಕೊಳ್ಳಬೇಕು, ಏಕೆಂದರೆ ಮನೆ ಬಾಡಿಗೆ ಭತ್ಯೆಯಂಥವನ್ನು ಅದು ಹೊರಗಿಡುತ್ತದೆ. ಮೇಡಂ, ಆ ಬೋನಸ್ ಏನಾಯಿತು?

ಮಿಲ್ ಲೆಕ್ಕಿಗಳು, ದಾವಣಗೆರೆ

ದೀಪಾವಳಿಗೆ ಮೊದಲೇ ಎಲ್ಲರ ಜೊತೆ ಅವರ ಖಾತೆಗೂ ಹಾಕಿದೆವು ಅಕ್ಕ. ಮರುದಿನ ಬೆಳಿಗ್ಗೆ ಅವರಿಂದ 2,800 ಬಂತು. ಮುಂಗಡದ ಖಾತೆಯ ಆ ಪುಟಕ್ಕೆ ಗೆರೆ ಎಳೆದು, ರಸೀದಿಯ ಚಿತ್ರವನ್ನು ಅವರಿಗೆ ಕಳಿಸಿದೆ.